ಮೂರು ಗಂಟೆ ಐವತ್ತು ನಿಮಿಷ

ನಮ್ಮಪ್ಪನ ಬ್ಯಾರನ್ ಪುಸ್ತಕ ಈಗ ನನ್ನ ಹತ್ತಿರ ಇದೆ. ಹೊಗೆಸೊಪ್ಪು ಬೇಯಿಸುವ ಆರು ದಿನವೂ ಗಂಟೆ ಗಂಟೆಗೆ ಥರ್ಮಾಮೀಟರ್ ನೋಡಿ ಶಾಖ ಬರೆದಿಡುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕ. 1979ರ ಆಗಸ್ಟ್ 20ರ ಪುಟದಲ್ಲಿ ಪೆನ್ಸಿಲ್ಲಿನ ಅಂಕಿಗಳ ನಡುವೆ ಒಂದೇ ಒಂದು ಸಾಲು ಮಸಿಯಲ್ಲಿದೆ: ‘3-50. ಹೆಣ್ಣು ಮಗು.’ ಅದರ ಕೆಳಗಿನ ಸಾಲಿನಿಂದ ಮತ್ತೆ ಶಾಖದ ಲೆಕ್ಕ. ನಾನು ಹುಟ್ಟಿದ ರಾತ್ರಿಯೂ ಒಲೆ ಆರುವ ಹಾಗಿರಲಿಲ್ಲ.

ಹುಣಸೂರಿನಿಂದ ಹನಗೋಡಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಾಲ್ಕೆಕರೆ ಜಮೀನು, ಒಂದು ಬ್ಯಾರನ್. ಅಪ್ಪ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವರು. ಮಗಳು ಎಂಜಿನಿಯರ್ ಆಗಬೇಕು ಅಂತ ಅವರು ಯಾವತ್ತು ತೀರ್ಮಾನ ಮಾಡಿದರೋ ಗೊತ್ತಿಲ್ಲ. ನನಗೆ ತಿಳುವಳಿಕೆ ಬರುವ ಹೊತ್ತಿಗೆ ಅದು ಮನೆಯ ಗೋಡೆಯಷ್ಟೇ ಗಟ್ಟಿಯಾಗಿ ನಿಂತಿತ್ತು. ನಾನು ಐದು ವರ್ಷದವಳಿದ್ದಾಗ ಪಕ್ಕದೂರಿನ ಜೋಯಿಸರಿಂದ ಜಾತಕ ಬರೆಸಿದ್ದರು. ‘ಮಿಥುನ ಲಗ್ನ, ಲಗ್ನದಲ್ಲೇ ಕುಜ, ಯಂತ್ರವಿದ್ಯೆಯಲ್ಲಿ ಅಭಿವೃದ್ಧಿ’ ಅಂತ ಅರಿಶಿನ ಹಚ್ಚಿದ ಹಾಳೆಯಲ್ಲಿತ್ತು. ಯಂತ್ರವಿದ್ಯೆ ಅಂದರೆ ಎಂಜಿನಿಯರಿಂಗ್ ಅಂತ ಅಪ್ಪ ಓದಿಕೊಂಡರು. ಸಿಇಟಿ ಶುರುವಾದದ್ದು 1994ರಲ್ಲಿ. ನಾನು ಪಿಯುಸಿಗೆ ಸೇರಿದ್ದು ಅದಾದ ಮರುವರ್ಷ. ದುಡ್ಡಿಲ್ಲದವರ ಮಕ್ಕಳಿಗೂ ರ‍್ಯಾಂಕ್ ಬಂದರೆ ಸೀಟು ಅನ್ನುವುದು ನಮ್ಮ ಕಡೆ ಆಗ ಹೊಸ ಮಾತು. ಜಾತಕವೂ ಸರ್ಕಾರವೂ ಒಟ್ಟಿಗೆ ಹೂಂ ಅಂದ ಮೇಲೆ ಇನ್ನೇನು ಅಂತ ಅಪ್ಪ ನನ್ನನ್ನು ಪಿಸಿಎಂಬಿಗೆ ಸೇರಿಸಿದರು.

ನನಗೆ ಬೇಕಾಗಿದ್ದದ್ದು ಚರಿತ್ರೆ. ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇತ್ತು. ಬಟ್ಟೆ ಒಗೆಯುವವರು ಅದರ ಮೇಲೆ ಸೋಪು ಇಡುತ್ತಿದ್ದರು. ಯಾರು ಸತ್ತಿದ್ದು, ಯಾವ ಜಗಳ, ಯಾವ ದನ, ಯಾರ ಕಾಲ ಅಂತ ಕೇಳಿದರೆ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ಓದಬಲ್ಲವರು ಮೈಸೂರಿನಲ್ಲಿದ್ದಾರೆ ಅಂತ ಹೈಸ್ಕೂಲಿನಲ್ಲಿ ಮೇಷ್ಟ್ರೊಬ್ಬರು ಹೇಳಿದ್ದರು. ಅವತ್ತಿನಿಂದ ನನ್ನ ತಲೆಯೊಳಗೆ ಇದ್ದದ್ದು ಅದೊಂದೇ. ಪಿಯುಸಿ ಎರಡು ವರ್ಷ ನಾನು ಕಲನಶಾಸ್ತ್ರವನ್ನು ಬಾಯಿಪಾಠ ಮಾಡಿದೆ. ಪಾಸಾಗುವಷ್ಟು ಬಂತು, ಅರ್ಥ ಆಗುವಷ್ಟು ಬರಲಿಲ್ಲ.

1997ರ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಬಂದವಳು ಚರಿತ್ರೆ ಓದುತ್ತೇನೆ ಅಂತ ಅಡುಗೆ ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದರು. ಅಪ್ಪ ಬೈಯಲಿಲ್ಲ, ಮಾತು ಬಿಟ್ಟರು. ಮನೆಯಲ್ಲಿ ಎಂಟು ದಿನ ಹಾಗೆ ನಡೆಯಿತು. ಒಂಬತ್ತನೇ ದಿನ ಬೆಳಿಗ್ಗೆ ಜಾತಕದ ಹಾಳೆ ಜೇಬಿಗೆ ಹಾಕಿಕೊಂಡು ‘ಹೊರಡು’ ಅಂದರು. ಜಾತಕದಲ್ಲಿ ಇದ್ದದ್ದನ್ನು ದೊಡ್ಡವರೊಬ್ಬರ ಬಾಯಲ್ಲಿ ಹೇಳಿಸಿದರೆ ನಾನು ಒಪ್ಪುತ್ತೇನೆ ಅಂತ ಅವರ ಎಣಿಕೆ.

ನಾವು ಹೋದದ್ದು ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಹೊಳೆಯ ಹತ್ತಿರ ಇದ್ದ ಒಬ್ಬ ನಿವೃತ್ತ ಗಣಿತದ ಮೇಷ್ಟ್ರ ಮನೆಗೆ. ಜ್ಯೋತಿಷ್ಯ ಅವರ ತಂದೆಯಿಂದ ಬಂದದ್ದು. ದಕ್ಷಿಣೆ ತಗೊಳ್ಳುತ್ತಿರಲಿಲ್ಲ, ಹಣ್ಣು ಕೊಟ್ಟರೆ ತಗೊಳ್ಳುತ್ತಿದ್ದರು. ಜಗಲಿಯ ಒಂದು ಮೂಲೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗಗಳು ವರ್ಷದ ಪ್ರಕಾರ ಜೋಡಿಸಿದ್ದವು. ಅಪ್ಪ ಜಾತಕ ಕೊಟ್ಟರು. ಮೇಷ್ಟ್ರು ಅದನ್ನು ಬಿಚ್ಚಿ ಒಂದು ಸಲ ನೋಡಿ ಪಕ್ಕಕ್ಕಿಟ್ಟು, ಹುಟ್ಟಿದ ದಿನ, ಹೊತ್ತು, ಊರು ಮಾತ್ರ ಕೇಳಿ ಹೊಸದಾಗಿ ಲೆಕ್ಕ ಹಾಕಲು ಕೂತರು. ಬರೆದ ಕುಂಡಲಿಯನ್ನು ಓದುವುದು ಬೇರೆಯವರ ಲೆಕ್ಕದ ತಪ್ಪನ್ನೂ ಸೇರಿಸಿ ಓದಿದ ಹಾಗೆ ಅಂತ ಆಮೇಲೆ ನನಗೆ ಹೇಳಿದರು.

ಮುಕ್ಕಾಲು ಗಂಟೆ ಹಿಡಿಯಿತು. ಶ್ರಾವಣ ಬಹುಳ ತ್ರಯೋದಶಿ. ಇಂಗ್ಲಿಷ್ ಲೆಕ್ಕಕ್ಕೆ ಸೋಮವಾರ, ಸೂರ್ಯ ಹುಟ್ಟಿರಲಿಲ್ಲವಾದ್ದರಿಂದ ಪಂಚಾಂಗಕ್ಕೆ ಇನ್ನೂ ಭಾನುವಾರ. ಪುನರ್ವಸು ನಾಲ್ಕನೇ ಪಾದ. ಚಂದ್ರ, ಬುಧ, ಗುರು ಮೂವರೂ ಕಟಕದಲ್ಲಿ. ರವಿ, ಶುಕ್ರ, ಶನಿ, ರಾಹು ಸಿಂಹದಲ್ಲಿ. ಕುಜ ಮಿಥುನದಲ್ಲಿ, ಕೇತು ಕುಂಭದಲ್ಲಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಆ ಹಾಳೆಯ ಪಕ್ಕದಲ್ಲೇ ಇನ್ನೊಂದು ಹಾಳೆಯಲ್ಲೂ ಅದನ್ನೇ ಬರೆದರು. ಮೊದಲನೆಯದರಲ್ಲಿ ಮಿಥುನದ ಮನೆಗೆ ‘ಲ’ ಅಂತ ಗುರುತು ಹಾಕಿದರು. ಎರಡನೆಯದರಲ್ಲಿ ಕಟಕದ ಮನೆಗೆ.

“ಗೌಡ್ರೆ, ಇವೆರಡರಲ್ಲಿ ನಿಮ್ಮ ಮಗಳ ಜಾತಕ ಯಾವುದು ಅಂತ ನೀವೇ ಹೇಳಬೇಕು” ಅಂದರು.

ಅಪ್ಪನಿಗೆ ಅರ್ಥ ಆಗಲಿಲ್ಲ. ನನಗೂ ಆಗಿರಲಿಲ್ಲ. ಮೇಷ್ಟ್ರು ಬಿಡಿಸಿ ಹೇಳಿದರು. ಹತ್ತು ನಿಮಿಷದಲ್ಲಿ ಗ್ರಹಗಳು ಕದಲಿದ್ದೂ ಗೊತ್ತಾಗುವುದಿಲ್ಲ. ಶನಿ ಒಂದು ರಾಶಿ ದಾಟಲು ಎರಡೂವರೆ ವರ್ಷ ಬೇಕು, ಬೇಗ ಓಡುವ ಚಂದ್ರನಿಗೂ ಎರಡೂಕಾಲು ದಿನ. ಆದರೆ ಲಗ್ನ ಅಂದರೆ ಹುಟ್ಟಿದ ಗಳಿಗೆಯಲ್ಲಿ ಪೂರ್ವದ ದಿಗಂತದಲ್ಲಿ ಏಳುತ್ತಿರುವ ರಾಶಿ. ಅದು ಭೂಮಿ ತಿರುಗುವ ವೇಗಕ್ಕೆ ಏಳುತ್ತದೆ, ಎರಡು ಗಂಟೆಗೊಂದು. ಒಂದು ಬೀದಿಯಲ್ಲಿ ಹನ್ನೆರಡು ಮನೆ ಇದ್ದು, ಎಣಿಕೆ ಯಾವ ಮನೆಯಿಂದ ಶುರು ಅನ್ನುವುದನ್ನು ಲಗ್ನ ಹೇಳುತ್ತದೆ. ಒಂದು ಮನೆ ಆಚೀಚೆ ಆದರೆ ಒಳಗಿರುವವರು ಅವರೇ, ಅವರ ವಿಳಾಸವೆಲ್ಲ ಬದಲು.

ಅವತ್ತು ಹುಣಸೂರಿನಲ್ಲಿ ಮಿಥುನ ಮುಗಿದು ಕಟಕ ಶುರುವಾದದ್ದು ಬೆಳಗಿನ ಜಾವ 3 ಗಂಟೆ 56 ನಿಮಿಷದ ಸುಮಾರಿಗೆ. ನನ್ನ ಹೊತ್ತು 3-50. ನಡುವೆ ಇದ್ದದ್ದು ಆರು ನಿಮಿಷ.

ಮಿಥುನ ಹಿಡಿದರೆ ಕುಜ ಲಗ್ನದಲ್ಲಿ. ಪಕ್ಕದೂರಿನ ಜೋಯಿಸರು ಯಂತ್ರವಿದ್ಯೆ ಅಂದದ್ದು ಇದನ್ನು ನೋಡಿ. ಹತ್ತನೇ ಮನೆ ಮೀನ, ಅದರ ಅಧಿಪತಿ ಗುರು ಎರಡನೇ ಮನೆಯಲ್ಲಿ ಉಚ್ಚ, ಜೊತೆಗೆ ಲಗ್ನಾಧಿಪತಿ ಬುಧ. ಅಪ್ಪನಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಕಟಕ ಹಿಡಿದರೆ ಚಂದ್ರ, ಬುಧ, ಗುರು ಮೂವರೂ ಲಗ್ನಕ್ಕೇ ಬಂದು ಕೂರುತ್ತಾರೆ. ಓದು, ಬರಹ, ಪಾಠ ಹೇಳುವುದು ಅಂತ ಯಾರಾದರೂ ಹೇಳುತ್ತಾರೆ. ಅದೇ ಕುಜ ಹನ್ನೆರಡನೇ ಮನೆಗೆ, ವ್ಯಯಕ್ಕೆ ಹೋಗುತ್ತಾನೆ. ನಾನು ಒಳಗೊಳಗೇ ಕುಣಿದೆ. ಮೇಷ್ಟ್ರು ಅದನ್ನು ನೋಡಿದರು ಅಂತ ಕಾಣುತ್ತದೆ. ನನ್ನ ಕಡೆ ತಿರುಗಿ, “ತಾಳಮ್ಮ. ಇದರಲ್ಲಿ ವಿದ್ಯಾಸ್ಥಾನ ತುಲಾ. ಅದರ ಅಧಿಪತಿ ಶುಕ್ರ ಶನಿ ರಾಹುಗಳ ಮಧ್ಯೆ ಸಿಕ್ಕಿಕೊಂಡಿದ್ದಾನೆ. ಗುರು ಉಚ್ಚ ಹೌದು, ಆದರೆ ರವಿಗೆ ಐದೇ ಡಿಗ್ರಿ ದೂರ, ಅಸ್ತ ಆಗಿದ್ದಾನೆ. ನಿನಗೆ ಬೇಕಾದ್ದನ್ನೇ ಆರಿಸಿಕೊಂಡು ಓದಿದರೆ ನಿಮ್ಮಪ್ಪ ಮಾಡಿದ್ದನ್ನೇ ನೀನೂ ಮಾಡಿದ ಹಾಗೆ” ಅಂದರು.

ಆಮೇಲೆ ಆ 3-50 ಎಲ್ಲಿಂದ ಬಂತು ಅಂತ ಕೇಳಲು ಶುರು ಮಾಡಿದರು. ಅಷ್ಟು ಸಾವಧಾನವಾಗಿ ಅಪ್ಪನನ್ನು ಯಾರೂ ಏನನ್ನೂ ಕೇಳಿದ್ದು ನಾನು ನೋಡಿರಲಿಲ್ಲ. ಗಡಿಯಾರ ಯಾವುದು? ಮನೆಯ ಗೋಡೆಗೆ ಇದ್ದ ಕೀಲಿ ಕೊಡುವ ಗಡಿಯಾರ. ಸರಿಯಾಗಿ ನಡೆಯುತ್ತಿತ್ತಾ? ಇಲ್ಲ, ಹಿಂದೆ ಬೀಳುತ್ತಿತ್ತು, ದಿನಾ ಸಂಜೆ ರೇಡಿಯೋ ವಾರ್ತೆಗೆ ಮುಳ್ಳು ತಿರುಗಿಸುತ್ತಿದ್ದೆ. ದಿನಕ್ಕೆ ಎಷ್ಟು ಹಿಂದೆ? ಕಾಲು ಗಂಟೆ, ಒಂದೊಂದು ದಿನ ಇಪ್ಪತ್ತು ನಿಮಿಷ. ಮೇಷ್ಟ್ರು ಹಾಳೆಯ ಅಂಚಿನಲ್ಲಿ ಬರೆದುಕೊಂಡರು: ಸಂಜೆ ಏಳರಿಂದ ಬೆಳಗಿನ ಜಾವ ನಾಲ್ಕಕ್ಕೆ ಒಂಬತ್ತು ಗಂಟೆ, ಆರರಿಂದ ಎಂಟು ನಿಮಿಷ ಹಿಂದೆ. ಅಂದರೆ ಗಡಿಯಾರದ 3-50 ನಿಜವಾಗಿ 3-56, ಇಲ್ಲವೇ 3-58. ಕಟಕ.

“ಮಗು ಅತ್ತ ತಕ್ಷಣ ಗಡಿಯಾರ ನೋಡಿದ್ರಾ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಲ್ಲ ಸ್ವಾಮಿ. ನಾನು ಬ್ಯಾರನ್ ಹತ್ರ ಇದ್ದೆ. ಶಾಖ ಇಳೀತಿತ್ತು, ಒಲೆಗೆ ಸೌದೆ ತಳ್ತಿದ್ದೆ. ನಮ್ಮವ್ವ ಬಂದು ಹೆಣ್ಮಗು ಅಂದ್ರು. ಒಲೆ ಬಿಟ್ಟು ಬರೋ ಹಂಗಿರ್ಲಿಲ್ಲ. ಸೌದೆ ಹಾಕಿ, ಕೈ ತೊಳ್ಕೊಂಡು, ಒಳಗೋಗಿ ನೋಡ್ದೆ.”

ಹತ್ತು ನಿಮಿಷವೇ ಆಗಿರಬಹುದು, ಐದೇ ಆಗಿರಬಹುದು. ಅಷ್ಟನ್ನು ಕಳೆದರೆ ಮತ್ತೆ ಮಿಥುನ. ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು. ಅವರು ಲೆಕ್ಕ ಹಾಕಿದ್ದು ಚಿತ್ರಾಪಕ್ಷ ಅಯನಾಂಶದಿಂದ. ಮೇಘನಾದ ಸಾಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಹೇಳಿದ ಲೆಕ್ಕ ಅದು. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಅದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ನಮ್ಮ ಕಡೆ ಎರಡನ್ನೂ ಅನುಸರಿಸುವವರು ಇದ್ದಾರೆ. ರಾಮನ್ ಲೆಕ್ಕಕ್ಕೆ ಕಟಕ ಶುರುವಾಗುವುದು ಆರು ನಿಮಿಷ ಮುಂಚೆ, ಅಂದರೆ ಹೆಚ್ಚುಕಡಿಮೆ 3-50ಕ್ಕೇ. ಅಯನಾಂಶ ಅಂದರೆ ಏನು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಒಂದೇ ಮಗು, ಒಂದೇ ಗಳಿಗೆ, ಇಬ್ಬರು ದೊಡ್ಡವರ ಲೆಕ್ಕಕ್ಕೆ ಎರಡು ಲಗ್ನ ಅನ್ನುವುದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಹುಟ್ಟಿದ ಹೊತ್ತು ಅನುಮಾನವಾದರೆ ಆಗಿಹೋದ ಘಟನೆಗಳನ್ನು ಇಟ್ಟು ಲಗ್ನ ಸರಿಪಡಿಸುವ ಕ್ರಮ ಇದೆ. ಅಪ್ಪನಿಗೂ ಅದು ಗೊತ್ತಿತ್ತು, ಹಾಗೆ ಮಾಡಿ ಅಂತ ಕೇಳಿದರು. ಮೇಷ್ಟ್ರು ಮಾಡಿ ತೋರಿಸಿದರು. ಲಗ್ನದಲ್ಲಿ ಕುಜ ಇದ್ದರೆ ತಲೆಗೋ ಮುಖಕ್ಕೋ ಗಾಯ ಅಂತ ಹೇಳುವುದು ವಾಡಿಕೆ. ನನ್ನ ಹುಬ್ಬಿನ ಮೇಲೆ ಗಾಯದ ಗುರುತು ಇದೆ, ಸೊಪ್ಪು ಕಟ್ಟುವ ಕಡ್ಡಿ ಬಡಿದದ್ದು. ಅಪ್ಪನ ಮುಖ ಅರಳಿತು. ಮೇಷ್ಟ್ರು ತಲೆ ಅಲ್ಲಾಡಿಸಿದರು. ಬ್ಯಾರನ್ ಇರುವ ಮನೆಯಲ್ಲಿ ಬೆಳೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಗಾಯ ಇಲ್ಲದವರು ಎಷ್ಟು ಜನ ಸಿಗುತ್ತಾರೆ, ಎಲ್ಲರಿಗೂ ಇರುವ ಗುರುತು ಯಾವ ಲಗ್ನಕ್ಕೂ ಸಾಕ್ಷಿ ಆಗುವುದಿಲ್ಲ ಅಂದರು. ದಶೆಯಿಂದಲೂ ಬಿಡಿಸುವಂತಿರಲಿಲ್ಲ. ದಶೆ ಎಣಿಸುವುದು ಚಂದ್ರನಿಂದ. ಆರು ನಿಮಿಷದಲ್ಲಿ ಚಂದ್ರ ಸರಿಯುವುದು ಕೂದಲೆಳೆಯಷ್ಟು, ಅದರಿಂದ ದಶೆಯ ಕೊನೆ ಮೂರು ವಾರ ಹಿಂದೆ ಮುಂದೆ ಆಗುತ್ತದೆ ಅಷ್ಟೆ. ಎರಡು ಹಾಳೆಯಲ್ಲೂ ಒಂದೇ ಉತ್ತರ: ಈಗ ಶನಿದಶೆಯ ಕೊನೆ ಭಾಗ, ಇಪ್ಪತ್ತರ ಆಸುಪಾಸಿನಲ್ಲಿ ಹದಿನೇಳು ವರ್ಷದ ಬುಧದಶೆ.

“ಬುಧ ಅಂದ್ರೆ ಲೆಕ್ಕ ತಾನೇ ಸ್ವಾಮಿ?” ಅಪ್ಪ ಕೇಳಿದರು.

“ಲೆಕ್ಕವೂ ಹೌದು, ಮಾತೂ ಹೌದು, ಬರವಣಿಗೆಯೂ ಹೌದು, ವ್ಯಾಪಾರವೂ ಹೌದು. ಶಾಸ್ತ್ರ ಮಾಡಿದವರು ವಿದ್ಯೆ ಅಂದರು ಗೌಡ್ರೆ. ಎಂಜಿನಿಯರಿಂಗ್ ಅನ್ನಲಿಲ್ಲ, ಬಿ.ಎ. ಅಂತಲೂ ಅನ್ನಲಿಲ್ಲ. ಅದನ್ನೆಲ್ಲ ಸೇರಿಸಿದವರು ನಾವು.”

ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಉಳಿದದ್ದು ಆಮೇಲೆ ಆದದ್ದು. ಹುಟ್ಟಿದ ಹೊತ್ತೇ ನಿಲ್ಲದಿದ್ದರೆ ಪ್ರಶ್ನೆ ಹಾಕಿ, ಈಗಿನ ಹೊತ್ತು ಸರಿಯಾಗಿಯೇ ಇದೆಯಲ್ಲ ಅಂತ ಅಪ್ಪ ತಮ್ಮ ಕೈಗಡಿಯಾರ ತೋರಿಸಿದರು. ಪ್ರಶ್ನೆ ಕೇಳಿದ ಗಳಿಗೆಗೇ ಕುಂಡಲಿ ಹಾಕಿ ಉತ್ತರ ಹೇಳುವ ಪದ್ಧತಿ ಅದು. ಮೇಷ್ಟ್ರು ಒಪ್ಪಲಿಲ್ಲ. ಪ್ರಶ್ನೆಗೆ ಮೊದಲ ನಿಯಮ, ಅದು ಕೇಳುವವರ ಸ್ವಂತ ಪ್ರಶ್ನೆಯಾಗಿರಬೇಕು, ಮನಸ್ಸು ಒಂದೇ ಕಡೆ ಇರಬೇಕು. ಇಲ್ಲಿ ಬಂದವರು ಇಬ್ಬರು. ಯಾರ ಪ್ರಶ್ನೆಗೆ ಹಾಕಲಿ?

“ನಿಮ್ಮ ಪ್ರಶ್ನೆ ಹೇಳಿ ಗೌಡ್ರೆ” ಅಂದರು. ಅಪ್ಪ, “ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ತದಾ” ಅಂದರು. ನನ್ನ ಕಡೆ ನೋಡಿ, “ನಿಂದೇನಮ್ಮ” ಅಂದರು. ಬಿ.ಎ. ಓದಲಾ ಬೇಡವಾ ಅಂತ ಕೇಳುತ್ತೇನೆ ಅಂತಲೇ ನಾನೂ ಅಂದುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. “ನಾನು ಚರಿತ್ರೆ ತಗೊಂಡ್ರೆ ಅಪ್ಪ ನನ್ನತ್ರ ಮಾತಾಡ್ತಾರಾ” ಅಂದೆ.

ಮೇಷ್ಟ್ರು ಪಂಚಾಂಗ ಮುಚ್ಚಿದರು. “ಇದಕ್ಕೆ ಕುಂಡಲಿ ಹಾಕೋ ಹಾಗಿಲ್ಲ, ಉತ್ತರ ಗೊತ್ತಿರೋರು ಇಲ್ಲೇ ಕೂತಿದ್ದಾರೆ” ಅಂದು ಎದ್ದು ಒಳಗೆ ಹೋದರು. ಕಾಫಿ ಬರಲು ಬಹಳ ಹೊತ್ತಾಯಿತು. ಬೇಕೆಂದೇ ತಡ ಮಾಡಿದರು ಅಂತ ಈಗ ಅನ್ನಿಸುತ್ತದೆ.

ಆ ಜಗಲಿಯಲ್ಲಿ ಅಪ್ಪ ಉತ್ತರ ಕೊಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಕೊಡಲಿಲ್ಲ. ಬಸ್ಸಿನಲ್ಲಿ ಊರು ಹತ್ತಿರ ಬಂದಾಗ, ಕಿಟಕಿಯ ಕಡೆ ನೋಡುತ್ತಾ, “ಈ ಹೊಗೆ ನನ್ನ ತಲೆಗೇ ಮುಗೀಲಿ ಅಂತ ಅಷ್ಟೇ ಕಣವ್ವ” ಅಂದರು. ಎಂಜಿನಿಯರಿಂಗ್ ಅವರಿಗೆ ಒಂದು ವಿದ್ಯೆಯ ಹೆಸರಾಗಿರಲಿಲ್ಲ. ಬ್ಯಾರನ್ ಇಲ್ಲದ ಬದುಕಿಗೆ ಅವರಿಗೆ ಗೊತ್ತಿದ್ದ ಒಂದೇ ಹೆಸರು ಅದು. ಇದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಚರಿತ್ರೆ ಓದಿದರೂ ಪಾಠ ಹೇಳುವ ಕೆಲಸ ಸಿಗುತ್ತದೆ, ಬ್ಯಾರನ್‌ಗೆ ಬರಬೇಕಾಗಿಲ್ಲ ಅಂದೆ. ಎಷ್ಟು ವರ್ಷ, ಯಾವ ಪರೀಕ್ಷೆ, ಖರ್ಚೆಷ್ಟು ಅಂತ ಕೇಳಿದರು. ನನಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದೆ.

ಸಿಇಟಿ ಬರೆದೆ, ಅವರಿಗಾಗಿ. ಬಂದ ರ‍್ಯಾಂಕಿಗೆ ಸರ್ಕಾರಿ ಕಾಲೇಜು ದೂರವೇ ಉಳಿಯಿತು. ಸಾಲ ಮಾಡಿ ಬೇರೆ ಕಡೆ ಸೇರಿಸಬಹುದಿತ್ತು. ಅಪ್ಪ ಮಾತೆತ್ತಲಿಲ್ಲ. ಜುಲೈನಲ್ಲಿ ಮೈಸೂರಿನ ಮಹಾರಾಣಿ ಕಾಲೇಜಿಗೆ ಅವರೇ ಬಂದು ಫೀಸು ಕಟ್ಟಿದರು. ಒಪ್ಪಿದ್ದರಾ, ಸೋತಿದ್ದರಾ? ಎರಡೂ ಇತ್ತು. ಮೊದಲ ವರ್ಷ ಪೂರ್ತಿ ಊರಲ್ಲಿ ಯಾರಾದರೂ ಮಗಳು ಏನು ಓದುತ್ತಿದ್ದಾಳೆ ಅಂತ ಕೇಳಿದರೆ ‘ಮೈಸೂರಲ್ಲಿ ಓದ್ತವಳೆ’ ಅಂತ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅದು ನನಗೆ ನೋಯುತ್ತಿತ್ತು.

ಎರಡು ಬೇಸಿಗೆ ರಜೆಯಲ್ಲಿ ನಾನು ಮೇಷ್ಟ್ರ ಹತ್ತಿರ ಹೋಗಿ ಲಗ್ನ ಸಾಧನೆ ಕಲಿತೆ. ನನ್ನದೇ ಲೆಕ್ಕವನ್ನು ನಾನೇ ಹಾಕಿ ನೋಡುವ ಹಟದಿಂದ. ಪಿಯುಸಿಯಲ್ಲಿ ತಲೆಗೆ ಹತ್ತದ ತ್ರಿಕೋನಮಿತಿ ಅಲ್ಲಿ ಹತ್ತಿತು. ಎಷ್ಟು ಸಲ ಹಾಕಿದರೂ ಗಡಿ ನಾಲ್ಕಕ್ಕೆ ನಾಲ್ಕು ನಿಮಿಷ ಮುಂಚೆಯೇ ಬರುತ್ತದೆ. ನನ್ನ ಲಗ್ನ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಪಿಯು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತೇನೆ. ಏಪ್ರಿಲ್, ಮೇ ಬಂದರೆ ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯಿಂದ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಇವರಿಗೆ ಲೆಕ್ಕ ಬರುತ್ತದಂತೆ ಅಂತ ಯಾರೋ ಹೇಳಿರುತ್ತಾರೆ, ಜಾತಕವೂ ಕೈಯಲ್ಲಿರುತ್ತದೆ. ಈಗ ಅದು ಕಂಪ್ಯೂಟರ್‌ನಲ್ಲಿ ತೆಗೆದ ಇಪ್ಪತ್ತು ಪುಟ, ಕೊನೆಯಲ್ಲಿ ‘ವೈದ್ಯಕೀಯ, ತಾಂತ್ರಿಕ, ಆಡಳಿತ ಕ್ಷೇತ್ರಗಳು ಅನುಕೂಲ’ ಅಂತ ಒಂದು ಸಾಲು. ಯಾವ ಮಗುವಿಗೆ ಅದು ಅನುಕೂಲ ಅಲ್ಲ? ಪುಟ ಹೆಚ್ಚಾದದ್ದರಿಂದ ಹುಟ್ಟಿದ ಹೊತ್ತು ಗಟ್ಟಿಯಾಗುವುದಿಲ್ಲ. 5-00, 10-30 ಅಂತ ಗುಂಡಗೆ ಮುಗಿಯುವ ಹೊತ್ತು ಕಂಡರೆ ಯಾರೋ ಅಂದಾಜು ಮಾಡಿದ್ದಾರೆ ಅಂತಲೇ ತಿಳಿಯಬೇಕು. ಲಗ್ನ ರಾಶಿಯ ಮೊದಲ ಡಿಗ್ರಿಯಲ್ಲೋ ಕೊನೆಯ ಡಿಗ್ರಿಯಲ್ಲೋ ಇದ್ದರೆ ಅಂಥ ಹೊತ್ತಿನ ಮೇಲೆ ಹೇಳಿದ ಯಾವ ಮನೆಯ ಫಲವೂ ನಿಲ್ಲುವುದಿಲ್ಲ. ಇಷ್ಟನ್ನು ನಾನು ಅವರಿಗೆ ತೋರಿಸುತ್ತೇನೆ.

ಹೊತ್ತು ಸರಿ ಇದ್ದರೆ? ಅದನ್ನೂ ಕೇಳುತ್ತಾರೆ. ಆಗ ಜಯಂತ ನಾರಳೀಕರ್ ಮತ್ತು ಅವರ ಜೊತೆಯವರು ಮಹಾರಾಷ್ಟ್ರದಲ್ಲಿ ಮಾಡಿದ ಪರೀಕ್ಷೆಯ ವಿಷಯ ಹೇಳುತ್ತೇನೆ. ಓದಿನಲ್ಲಿ ತುಂಬಾ ಮುಂದಿದ್ದ ಮಕ್ಕಳ ಜಾತಕಗಳನ್ನೂ ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನೂ ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾರದ್ದು ವಿಂಗಡಿಸಿ ಅಂದರು. ಉತ್ತರ ಕಳಿಸಿದ 27 ಜನರ ಸರಾಸರಿ ನೂರಕ್ಕೆ 46 ಸರಿ. ನಾಣ್ಯ ಚಿಮ್ಮಿದ್ದರೂ ಐವತ್ತರ ಹತ್ತಿರ ಬರುತ್ತಿತ್ತು. ಎರಡು ಅಷ್ಟು ದೂರದ ಸ್ಥಿತಿಗಳನ್ನೇ ಜಾತಕ ಬೇರೆ ಮಾಡಿ ತೋರಿಸದಿದ್ದರೆ, ನೀಟ್ ಬರೆಯಬೇಕಾ ಬಿ.ಎ. ಸೇರಬೇಕಾ ಅನ್ನುವುದನ್ನು ಅದರಿಂದ ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮೇಷ್ಟ್ರು ಈ ಫಲಿತಾಂಶ ಓದುವ ಮೊದಲೇ ತೀರಿಕೊಂಡರು. ಓದಿದ್ದರೆ ಬೇಸರಪಡುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಜಾತಕ ಪಕ್ಕಕ್ಕಿಟ್ಟು ನಾನು ಮೇಷ್ಟ್ರು ಕೇಳಿದ್ದನ್ನೇ ಕೇಳುತ್ತೇನೆ. ಮೊದಲು ದೊಡ್ಡವರ ಪ್ರಶ್ನೆ, ಆಮೇಲೆ ಮಗುವಿನದ್ದು, ಇಬ್ಬರೂ ಒಬ್ಬರಿಗೊಬ್ಬರು ಕೇಳಿಸುವ ಹಾಗೆ. ಮೊನ್ನೆ ಸಾಲಿಗ್ರಾಮದ ಕಡೆಯ ಹುಡುಗನೊಬ್ಬ ಎರಡನೇ ಸಲ ನೀಟ್ ಬರೆಯುವ ಬದಲು ಕೃಷಿ ಓದುತ್ತೇನೆ ಅನ್ನುತ್ತಿದ್ದ. ಅವನ ಪ್ರಶ್ನೆ, ಮೊದಲ ವರ್ಷದ ಕೋಚಿಂಗ್ ದುಡ್ಡು ಹೋಯಿತಲ್ಲ, ಅದನ್ನು ಹೇಗೆ ತೀರಿಸಲಿ ಅಂತ. ಅವರ ಅಮ್ಮನಿಗೆ ಮಗನ ತಲೆಯಲ್ಲಿ ಆ ಲೆಕ್ಕ ಇದೆ ಅಂತಲೇ ಗೊತ್ತಿರಲಿಲ್ಲ. ಬಳೆ ತಿರುಗಿಸುತ್ತಾ ಸುಮಾರು ಹೊತ್ತು ಕೂತಿದ್ದರು. ಮುಂದೆ ಅವರು ಏನು ಮಾಡಿದರೋ ನಾನು ಕೇಳಲಿಲ್ಲ.

ಅಪ್ಪ ಬ್ಯಾರನ್ ಒಡೆಸಿದ್ದು ನನಗೆ ಕೆಲಸ ಸಿಕ್ಕಿ ಮೂರು ವರ್ಷಕ್ಕೆ. ನನ್ನ ಮಗಳು ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದಾಗ ಬಾಗಿಲ ಹೊರಗೆ ಅವರೇ ನಿಂತಿದ್ದರು. ಆ ಹೊತ್ತಿಗೆ ಉಳಿದಿದ್ದ ಅದೇ ಬ್ಯಾರನ್ ಪುಸ್ತಕವನ್ನು ಚೀಲದಲ್ಲಿ ತಂದಿದ್ದರು. ಅವರು ತೀರಿಕೊಂಡ ಮೇಲೆ ಆ ದಿನದ ಪುಟ ನೋಡಿದೆ. ಒಂದರ ಕೆಳಗೊಂದು ಮೂರು ಹೊತ್ತು ಬರೆದಿದ್ದಾರೆ: ತಮ್ಮ ಕೈಗಡಿಯಾರದ್ದು, ಆಸ್ಪತ್ರೆಯ ಗೋಡೆಯದ್ದು, ನರ್ಸಮ್ಮ ಹೇಳಿದ್ದು. ಮೂರೂ ಬೇರೆ ಬೇರೆ. ಜಾತಕ ಬರೆಸಿಲ್ಲ.